ತುರ್ತು ಪದಕ್ಕೆ ಎಷ್ಟು ಬೆಲೆ? ಇಮೇಲ್‌ಗಳಿಗೆ ಅಂಕ ಕೊಟ್ಟ ನನ್ನ ಅನುಭವ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ತೆರಿಗೆ ಸಲಹಾ ಕಚೇರಿಗೆ, ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನವಾದ 20ನೇ ತಾರೀಖು ಹತ್ತಿರವಾದಂತೆ ಇಮೇಲ್‌ಗಳು ರಾಶಿ ಬೀಳುತ್ತವೆ. ಮೊದಲು ಯಾವುದನ್ನು ತೆರೆಯಬೇಕೆಂದು ತಿಳಿಯಲು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡೆ. ಅದು ಮೂರು ಅಂಶಗಳನ್ನು 0ಯಿಂದ 1ರವರೆಗೆ ಅಳೆಯುತ್ತದೆ.

ಮೊದಲನೆಯದು ಕಳುಹಿಸಿದವರದು (S): ಅವರಿಗೆ ನಾವು ಬರೆದ ಉತ್ತರಗಳ ಸಂಖ್ಯೆಗೆ 1 ಕೂಡಿಸಿ, ಅದನ್ನು ಅವರಿಂದ ಬಂದ ಪತ್ರಗಳ ಸಂಖ್ಯೆಗೆ 4 ಕೂಡಿಸಿದ ಮೊತ್ತದಿಂದ ಭಾಗಿಸುತ್ತೇನೆ. ಹೀಗೆ ಮಾಡುವುದರಿಂದ ಹೊಸಬರಿಗೆ 0.25 ಸಿಗುತ್ತದೆ, ಒಂದೇ ಪತ್ರಕ್ಕೆ ಉತ್ತರಿಸಿದ ಮಾತ್ರಕ್ಕೆ ಯಾರಿಗೂ ಪೂರ್ಣ ಅಂಕ ಬರುವುದಿಲ್ಲ. ಎರಡನೆಯದು ಪತ್ರಸರಣಿಯದು (T): ಸರಣಿಯಲ್ಲಿ ನಾವು ಹಿಂದೆ ಬರೆದಿದ್ದು ಕೊನೆಯ ಮಾತು ಅವರದಾಗಿದ್ದರೆ 1, ಇಲ್ಲದಿದ್ದರೆ 0. ಎಲ್ಲರೂ ವಿಷಯದ ಸಾಲಿನಲ್ಲಿ "GST" ಎಂದೇ ಬರೆಯುವುದರಿಂದ, ಸರಣಿಯನ್ನು `References` ಮತ್ತು `In-Reply-To` ಹೆಡರ್‌ಗಳಿಂದಲೇ ಗುರುತಿಸಬೇಕು.

ಗಡುವಿನ ಪದಗಳ (D) ಕೆಲಸ ಎಲ್ಲಕ್ಕಿಂತ ಸೂಕ್ಷ್ಮವಾದುದು. ನಮ್ಮ ಗ್ರಾಹಕರು "ನಾಳೆಯೊಳಗೆ" ಎಂದು ಬರೆಯುವುದಕ್ಕಿಂತ `naale olage`, `nale olage` ಎಂದು ಬರೆಯುವುದೇ ಹೆಚ್ಚು; ಆದ್ದರಿಂದ ಒತ್ತೊತ್ತಾಗಿ ಬಂದ ಸ್ವರಗಳನ್ನು ಒಂದಾಗಿಸಿ ಹೋಲಿಸುತ್ತೇನೆ. "ನಾಳೆ"ಯನ್ನು ಎಣಿಸಬೇಕಾದದ್ದು ಪತ್ರದ `Date` ಹೆಡರ್‌ನಿಂದಲೇ ಹೊರತು ನಾವು ಓದುವ ದಿನದಿಂದಲ್ಲ. `>` ಚಿಹ್ನೆಯ ಹಳೆಯ ಉಲ್ಲೇಖಗಳನ್ನು ಮೊದಲೇ ತೆಗೆದುಹಾಕದಿದ್ದರೆ, ಹೋದ ತಿಂಗಳ "ಇವತ್ತೇ ಬೇಕು" ಎಂಬ ಮಾತು ಇಂದಿನ "ಧನ್ಯವಾದ"ವನ್ನೂ ತುರ್ತು ಮಾಡಿಬಿಡುತ್ತದೆ. ಗಡುವಿಗೆ 24 ಗಂಟೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ D 1. ಹೆಚ್ಚಿದ್ದರೆ 24ನ್ನು ಉಳಿದ ಗಂಟೆಗಳಿಂದ ಭಾಗಿಸುತ್ತೇನೆ. ಗಡುವಿನ ಮಾತೇ ಇಲ್ಲದಿದ್ದರೆ 0.

```
score = 40*S + 30*T + 30*D*max(S, T)
```

ಕೊನೆಯ ಗುಣಾಕಾರವೇ ಈ ಸೂತ್ರದ ಜೀವಾಳ. ಮಂಡ್ಯದ ಬೆಲ್ಲದ ವರ್ತಕರೊಬ್ಬರ 20 ಪತ್ರಗಳಲ್ಲಿ 17ಕ್ಕೆ ನಾವು ಉತ್ತರಿಸಿದ್ದರೆ ಅವರ S 18/24, ಅಂದರೆ 0.75. ಅವರು ಗಡುವಿನ ಮಾತಿಲ್ಲದೆ ಹೊಸ ಪತ್ರ ಬರೆದರೆ 30 ಅಂಕ. 40 ಪತ್ರ ಕಳುಹಿಸಿ ಒಂದಕ್ಕೂ ಉತ್ತರ ಪಡೆಯದ ಜಾಹೀರಾತುದಾರರ S 1/44. ಅವರ "ಇಂದೇ ಕೊನೆಯ ದಿನ" ಪತ್ರಕ್ಕೆ D 1 ಆಗುವುದರಿಂದ, ಬರಿದೇ ಕೂಡಿಸಿದರೆ 30.9 ಬಂದು ಅದು ವರ್ತಕರನ್ನು ಹಿಂದಿಕ್ಕುತ್ತದೆ. ಗುಣಿಸಿದಾಗ ಅದು 1.6ಕ್ಕೆ ಇಳಿಯುತ್ತದೆ. ಅದೇ ವರ್ತಕರು ನಡೆಯುತ್ತಿರುವ ಸರಣಿಯಲ್ಲಿ 19ರಂದು `3B naale olage file maadi sir` ಎಂದು ಬರೆದರೆ, ಉಳಿದ ಗಂಟೆಗಳಿಗೆ ತಕ್ಕಂತೆ 75ರಿಂದ 90ರವರೆಗೆ ಅಂಕ ಬರುತ್ತದೆ. ಪಟ್ಟಿಯ ತುದಿಗೇರಲು ಅಷ್ಟು ಸಾಕು.

ಇಲಾಖೆಯ ನೋಟಿಸ್‌ಗಳಿಗೆ ನಾವು ಇಮೇಲ್‌ನಲ್ಲಿ ಉತ್ತರಿಸುವುದೇ ಇಲ್ಲವಾದ್ದರಿಂದ ಅವುಗಳ S ತಾನಾಗಿ ಕುಸಿಯುತ್ತದೆ. ಅಂಥ ವಿಳಾಸಗಳಿಗೆ ಕೈಯಾರೆ 0.8 ಕೊಟ್ಟಿದ್ದೇನೆ, ಆದರೆ ನಕಲಿ ನೋಟಿಸ್‌ಗಳಿಗೆ ಅದು ಸಿಗದಂತೆ, ನಮ್ಮ ಮೇಲ್ ಸರ್ವರ್ ಬರೆದ `Authentication-Results` ಹೆಡರ್‌ನಲ್ಲಿ ಅದೇ ಡೊಮೇನ್‌ನ ಸಹಿ ಸರಿಯಿದೆ ಎಂದು ಹೇಳುವ `dkim=pass` ಇದ್ದರೆ ಮಾತ್ರ. ಸ್ಕ್ಯಾನ್ ಮಾಡಿದ ಪಿಡಿಎಫ್‌ನೊಳಗಿನ ಗಡುವು ಈ ಲೆಕ್ಕಕ್ಕೆ ಕಾಣಿಸುವುದಿಲ್ಲ. ಆದ್ದರಿಂದ S 0.5 ಮೀರಿದವರಿಂದ ಲಗತ್ತು ಬಂದರೆ, ಅಂಕ ಎಷ್ಟೇ ಇರಲಿ, ಅದನ್ನು ಬೇರೆ ಪಟ್ಟಿಗೆ ಹಾಕಿ ಮಧ್ಯಾಹ್ನದೊಳಗೆ ನಾನೇ ತೆರೆದು ನೋಡುತ್ತೇನೆ.