‘ಒಂದು ಸ್ಪೀಚ್ ಬರ್ಕೊಡಿ’ ಅಂದರೆ ಮೊದಲು ಏನು ಕೇಳಬೇಕು?

“ಭಾನುವಾರ ಮಾವನ ಫಂಕ್ಷನ್ನು. ಮೈಕ್ ಕೊಡ್ತಾರಂತೆ. ಒಂದು ಸ್ಪೀಚ್ ಬರ್ಕೊಡಿ.”

ಕೈಬರಹ, ಕನ್ನಡ ಎರಡೂ ಚೆನ್ನಾಗಿದೆ ಎಂದು ಹೆಸರು ಮಾಡಿದವರಿಗೆ ಇಂಥ ಮೆಸೇಜು ಬರುವುದು ಸಾಮಾನ್ಯ. ಯಾವ ಮಾವ, ಏನು ಫಂಕ್ಷನ್ನು, ಎಷ್ಟು ಹೊತ್ತು ಮಾತು, ನಗಿಸಬೇಕೋ ಗಂಭೀರವಾಗಿರಬೇಕೋ, ಒಂದೂ ಗೊತ್ತಿಲ್ಲ. ಈ ನಾಲ್ಕರಲ್ಲಿ ಸಂಬಂಧ ಮತ್ತು ಸಂದರ್ಭವನ್ನು ಕೇಳಿಯೇ ತಿಳಿಯಬೇಕು, ಊಹಿಸಿ ಬರೆಯುವಂತಿಲ್ಲ. ಅವೆರಡು ಗೊತ್ತಾದರೆ ಉದ್ದವನ್ನೂ ಧಾಟಿಯನ್ನೂ ನಾವೇ ಲೆಕ್ಕ ಹಾಕಬಹುದು.

ಮೊದಲು ಸಂಬಂಧ. ಕನ್ನಡದಲ್ಲಿ ‘ಮಾವ’ ಅಂದರೆ ತಾಯಿಯ ತಮ್ಮನೂ ಆಗಬಹುದು, ಹೆಂಡತಿಯ ಅಪ್ಪನೂ ಆಗಬಹುದು, ಸೋದರತ್ತೆಯ ಗಂಡನೂ ಆಗಬಹುದು. ಸೋದರಮಾವ ಎತ್ತಿ ಆಡಿಸಿದವನು, ಅವನನ್ನು ವೇದಿಕೆಯ ಮೇಲೆ ಕೊಂಚ ಕಾಲೆಳೆದರೂ ನಡೆಯುತ್ತದೆ. ಅದೇ ಮಾತನ್ನು ಅಳಿಯ ಹೆಂಡತಿಯ ಅಪ್ಪನ ಬಗ್ಗೆ ಆಡಿದರೆ ಮುಂದಿನ ಸಾಲಿನಲ್ಲಿ ಕೂತ ಬೀಗರ ಮುಖ ಗಂಟಾಗುತ್ತದೆ. ಸೋದರಮಾವನ ಮಗಳನ್ನೇ ಮದುವೆಯಾದ ಮನೆಗಳಲ್ಲಿ ಎರಡೂ ಒಬ್ಬರೇ. ಅಲ್ಲಿ ಯಾವ ಸಂಬಂಧ ಹಿಡಿದು ಮಾತಾಡುತ್ತೀರಿ ಎಂದು ಕೇಳಲೇಬೇಕು. ಹಾಗಾಗಿ ‘ನಿಮಗೆ ಏನಾಗಬೇಕು?’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ‘ಮನೆಯಲ್ಲಿ ಅವರನ್ನ ಏನಂತ ಕರೀತೀರಿ, ನೀನು ಅಂತೀರೋ ನೀವು ಅಂತೀರೋ?’ ಎಂದೂ ಕೇಳಿ. ಅರ್ಧ ಧಾಟಿ ಆ ಉತ್ತರದಲ್ಲೇ ಸಿಗುತ್ತದೆ.

ಇನ್ನು ಸಂದರ್ಭ. ಮಂಡ್ಯದ ಕಡೆ ‘ಮನೇಲಿ ಕಾರ್ಯ ಇದೆ’ ಅಂದರೆ ಮದುವೆಯೂ ಇರಬಹುದು, ಹನ್ನೊಂದನೇ ದಿನದ ತಿಥಿಯೂ ಇರಬಹುದು. ‘ಇಂದಿನ ಈ ಶುಭ ಸಂದರ್ಭದಲ್ಲಿ’ ಎಂದು ಕೈ ತಾನಾಗಿ ಬರೆದುಬಿಡುತ್ತದೆ, ಅದಕ್ಕೆ ಮೊದಲು ಯಾವ ಕಾರ್ಯ ಎಂದು ಬಾಯಿಬಿಟ್ಟು ಕೇಳಿಕೊಳ್ಳಿ. ಫೋನ್ ಮಾಡಿದರೆ ಇನ್ನೂ ಒಳ್ಳೆಯದು, ದನಿಯಲ್ಲೇ ತಿಳಿಯುತ್ತದೆ.

ಉದ್ದವನ್ನು ಮಾತ್ರ ನೇರವಾಗಿ ಕೇಳಬೇಡಿ. ‘ಐದು ನಿಮಿಷ’ ಎಂಬ ಉತ್ತರ ಬರುತ್ತದೆ, ಅದು ಯಾರೂ ಗಡಿಯಾರ ನೋಡಿ ಹೇಳಿದ್ದಲ್ಲ. ಬದಲಿಗೆ ‘ಮೈಕ್ ಕೊಡುವ ಮುಂಚೆ ಏನು ನಡೆಯುತ್ತೆ, ಆಮೇಲೆ ಏನು?’ ಎಂದು ಕೇಳಿ. ಆಮೇಲೆ ಊಟ ಎಂದಾದರೆ ಎರಡು ನಿಮಿಷ ಮೀರುವಂತಿಲ್ಲ, ಎಲೆ ಹಾಕಿದರು ಎಂಬ ಸುದ್ದಿ ಬಂತೆಂದರೆ ಅರ್ಧ ಸಭೆ ಎದ್ದಿರುತ್ತದೆ. ಆರತಕ್ಷತೆಯಲ್ಲಿ ಫೋಟೋಗೆ ಸಾಲು ನಿಂತಿರುವಾಗ ಒಂದು ನಿಮಿಷವೇ ಹೆಚ್ಚು. ಸಂಜೆ ಮನೆಯವರಷ್ಟೇ ಜಗಲಿಯಲ್ಲಿ ಕೂತಿದ್ದರೆ ನಾಲ್ಕು ನಿಮಿಷ ಮಾತಾಡಬಹುದು. ಅಭ್ಯಾಸವಿಲ್ಲದವರು ಮೈಕಿನಲ್ಲಿ ನಿಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 80ರಿಂದ 100 ಕನ್ನಡ ಪದ ಎಂದು ಇಟ್ಟುಕೊಳ್ಳಿ. ಎರಡು ನಿಮಿಷಕ್ಕೆ 140 ಪದ ಬರೆದರೆ ಸಾಕು, ಉಳಿದ ಹೊತ್ತು ಚಪ್ಪಾಳೆಗೆ, ಗಂಟಲು ಸರಿಮಾಡಿಕೊಳ್ಳುವುದಕ್ಕೆ.

ಕೊನೆಯ ಪ್ರಶ್ನೆ ಒಂದಿದೆ, ಮುಜುಗರ ಅನ್ನಿಸಿದರೂ ಬಿಡಬಾರದು: ‘ಯಾರ ಹೆಸರು ಎತ್ತಬಾರದು?’ ಜಮೀನು ಭಾಗವಾದ ಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಇರುತ್ತಾರೆ. ‘ಕೂಡುಕುಟುಂಬದ ಕಂಬ’ ಎಂದು ನಾವು ಹೊಗಳಿದ್ದು ಅಲ್ಲಿ ಚುಚ್ಚುಮಾತಾಗುತ್ತದೆ.

ಮೇಲಿನ ಮೆಸೇಜಿಗೆ ಇಂಥ ಉತ್ತರಗಳು ಬಂದವು ಎಂದುಕೊಳ್ಳೋಣ. ಹೆಂಡತಿಯ ಅಪ್ಪ, ‘ನೀವು’ ಎಂದೇ ಮಾತು. ಷಷ್ಟಿಪೂರ್ತಿ, ಮಂಡ್ಯದ ಒಂದು ಸಮುದಾಯ ಭವನ. ಶಾಂತಿ, ಹೋಮ ಮುಗಿದ ಮೇಲೆ ಮೈಕು, ಆಮೇಲೆ ಊಟ. ಮಾತಾಡುವವನು ದೊಡ್ಡ ಅಳಿಯ, ಮೈಸೂರಿನಲ್ಲಿದ್ದಾನೆ. ಇಷ್ಟರಿಂದಲೇ ಎರಡು ನಿಮಿಷದೊಳಗೆ, ಗೌರವ ಬಿಡದ ತೆಳುನಗೆಯಲ್ಲಿ ಬರೆಯಬೇಕು ಎಂದು ತೀರ್ಮಾನವಾಯಿತು.

ಷಷ್ಟಿಪೂರ್ತಿಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಅತ್ತೆಯನ್ನು ಮರೆಯುವುದು. ಅರವತ್ತು ತುಂಬಿದ್ದು ಮಾವನಿಗಾದರೂ ಹಸೆಮಣೆಯ ಮೇಲೆ ಇಬ್ಬರೂ ಕೂತಿರುತ್ತಾರೆ, ಮತ್ತೆ ಮಾಂಗಲ್ಯಧಾರಣೆ ಆಗಿರುತ್ತದೆ. ಇನ್ನೊಂದು, ಹುಟ್ಟಿದ ಸಂವತ್ಸರ ಅರವತ್ತು ವರ್ಷಕ್ಕೆ ಮರಳಿ ಬರುತ್ತದೆ ಎಂಬ ಮಾತನ್ನು ಸೇರಿಸಲು ಆಸೆಯಾಗುತ್ತದೆ. 1966ರ ಯುಗಾದಿಯಿಂದ ಒಂದು ವರ್ಷದೊಳಗೆ ಹುಟ್ಟಿದವರ ಸಂವತ್ಸರ ಪರಾಭವ, 2026ರ ಯುಗಾದಿಗೆ ಅದೇ ಬರುತ್ತದೆ. ಮಾಹಿತಿ ಸರಿ, ಆದರೆ ‘ಪರಾಭವ’ ಎಂದು ಮೈಕಿನಲ್ಲಿ ಕೇಳಿಸುವುದು ಚೆಂದವಲ್ಲ. ಬಿಟ್ಟುಬಿಡಿ.

ಗುಣವಿಶೇಷಣ ಕೇಳಿದರೆ ‘ತುಂಬಾ ಒಳ್ಳೆಯವರು’ ಅನ್ನುತ್ತಾರೆ, ಅದರಿಂದ ಏನೂ ಬರೆಯಲಾಗದು. ‘ನಿಮ್ಮನೆಗೆ ಬಂದಾಗ ಅವರು ಮೊದಲು ಮಾಡೋ ಕೆಲಸ ಏನು?’ ಎಂದು ಕೇಳಿ. ಅಳಿಯ ಹೇಳಿದ್ದರಿಂದ ಹುಟ್ಟಿದ ಕರಡು ಇದು:

“ಎರಡೂ ಕಡೆಯ ಹಿರಿಯರಿಗೆ ನಮಸ್ಕಾರ. ನಾನು ಈ ಮನೆಯ ದೊಡ್ಡ ಅಳಿಯ. ಮಾವ ನಮ್ಮನೆಗೆ ಬಂದರೆ ಕೈಯಲ್ಲೊಂದು ಚೀಲ ಇದ್ದೇ ಇರುತ್ತೆ. ಅವರೆ ಕಾಲದಲ್ಲಿ ಅವರೆಕಾಯಿ, ಇಲ್ಲದಿದ್ದರೆ ಎಳನೀರು. ಅಡುಗೆಮನೆ ಬಾಗಿಲಲ್ಲಿ ಇಳಿಸಿ, ಕಾಫಿ ಕುಡಿದು, ‘ಬಸ್ಸಿದೆ’ ಅಂತ ಎದ್ದುಬಿಡ್ತಾರೆ. ಮಂಡ್ಯಕ್ಕೆ ಬಸ್ಸಿಗೇನು ಬರವಿಲ್ಲ, ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಮಗಳ ಮನೆಯವರಿಗೆ ತೊಂದರೆ ಆಗಬಾರದು ಅಂತ. ಆ ಚೀಲದ ತಳದಲ್ಲಿ ಒಂದು ಡಬ್ಬಿ ಇರುತ್ತೆ. ಅದರಲ್ಲಿ ಹಿತಕಿದ ಬೇಳೆ. ರಾತ್ರಿ ಕೂತು ಹಿತಕಿದ್ದು ಅತ್ತೆ. ಮಾವ, ಅತ್ತೆ, ಮುಂದಿನ ಸಲ ಚೀಲ ನಾವು ತರ್ತೀವಿ, ನೀವು ನಾಲ್ಕು ದಿನ ನಮ್ಮನೇಲಿ ಇರಬೇಕು.”

ನಿಧಾನವಾಗಿ ಓದಿದರೂ ಒಂದು ನಿಮಿಷದ ಆಸುಪಾಸು. ‘ಸರಳ’, ‘ಸ್ವಾಭಿಮಾನಿ’, ‘ಆದರ್ಶ ದಂಪತಿ’ ಯಾವ ಪದವೂ ಇಲ್ಲ, ಚೀಲವೂ ಡಬ್ಬಿಯೂ ಅದನ್ನು ಹೇಳುತ್ತವೆ. ಆರಂಭದಲ್ಲಿ ಹೆಸರುಗಳ ಪಟ್ಟಿ ಹಾಕದಿರುವುದಕ್ಕೂ ಕಾರಣವಿದೆ. ಬಿರುದು, ಸಂಬಂಧ ಸೇರಿಸಿ ಒಬ್ಬರ ಹೆಸರಿಗೆ ಮೂರು ಸೆಕೆಂಡು ಎಂದರೂ ಇಪ್ಪತ್ತು ಹೆಸರಿಗೆ ಒಂದು ನಿಮಿಷ ಹೋಯಿತು, ಅದರಲ್ಲೂ ಇಪ್ಪತ್ತೊಂದನೆಯವರು ಮುನಿಸಿಕೊಂಡಿರುತ್ತಾರೆ.

ಉತ್ತರವೇ ಬರದಿದ್ದರೆ? ಪೂರ್ತಿ ಭಾಷಣ ಕಳಿಸಬೇಡಿ. ಮೊದಲ ಸಾಲು, ಕೊನೆಯ ಸಾಲು ಬರೆದು, ನಡುವೆ ‘ಅವರು ಬಂದಾಗ ಏನು ಮಾಡ್ತಾರೆ, ಮೂರು ಸಾಲು ನೀವೇ ಬರೀರಿ’ ಎಂದು ಖಾಲಿ ಬಿಟ್ಟು ಕಳಿಸಿ. ಖಾಲಿ ಜಾಗ ನೋಡಿದ ಮೇಲೆ ಬಹುತೇಕರು ಫೋನ್ ಮಾಡುತ್ತಾರೆ.

ಕರಡನ್ನು ಅಳಿಯನಿಂದಲೇ ಒಮ್ಮೆ ಜೋರಾಗಿ ಓದಿಸಿ. ನಾಲಿಗೆ ತಡವರಿಸಿದ ಕಡೆ ಗ್ರಂಥದ ಕನ್ನಡ ನುಸುಳಿರುತ್ತದೆ, ಅಲ್ಲಿ ಅವನು ಮನೆಯಲ್ಲಿ ಹೇಳುವ ಹಾಗೆ ತಿದ್ದಿ. ಕಾಗದದಲ್ಲಿ ದಪ್ಪ ಅಕ್ಷರ, ಒಂದು ವಾಕ್ಯಕ್ಕೆ ಒಂದು ಸಾಲು. ಫೋನ್ ನೋಡಿ ಓದಿದರೆ ನಡುವೆ ಕರೆ ಬರುತ್ತದೆ. ವಾಲಗದವರಿಗೆ ಎರಡು ನಿಮಿಷ ನಿಲ್ಲಿಸಲು ಹೇಳುವ ಕೆಲಸವನ್ನು ಭಾವಮೈದುನನಿಗೆ ಮೊದಲೇ ಒಪ್ಪಿಸಿರಿ. ಎಳನೀರು, ಬಸ್ಸಿನ ಸಾಲುಗಳ ಪಕ್ಕದಲ್ಲಿ ಪೆನ್ಸಿಲ್ ಗೆರೆ ಎಳೆದುಕೊಡಿ: ಎಲೆ ಹಾಕಿಬಿಟ್ಟರೆ ಅವನು ಅಷ್ಟನ್ನು ಹಾರಿಸಿ ನೇರ ಡಬ್ಬಿಗೆ ಬರಲಿ.