ಒಲೆ ತಟ್ಟೆಗೆ ಸೀದು ಕೂತ ಕರಕಲನ್ನು ಕೆರೆಯಬೇಡಿ, ನೆನೆಸಿ ಬಿಡಿಸಿ

ಭಾನುವಾರ ಮನೆಯಲ್ಲಿ ಬೆಣ್ಣೆ ದೋಸೆ ಆಗುತ್ತದೆ, ಕಾವಲಿ ಅಂಚಿನಿಂದ ಬೆಣ್ಣೆ ಕೆಳಗೆ ಇಳಿಯುತ್ತದೆ. ಸಂಜೆ ರೊಟ್ಟಿ ಸುಡುವಾಗ ಜೋಳದ ಹಿಟ್ಟು ಉದುರಿ ಆ ಬೆಣ್ಣೆಗೆ ಅಂಟುತ್ತದೆ. ಮರುದಿನ ಬೆಳಿಗ್ಗೆ ಅದರ ಮೇಲೆ ಹಾಲು ಉಕ್ಕುತ್ತದೆ. ದಾವಣಗೆರೆ ಕಡೆಯ ಮನೆಗಳಲ್ಲಿ ಬರ್ನರ್ ಕೆಳಗಿನ ತಟ್ಟೆ ಕಪ್ಪಾಗೋದು ಹೆಚ್ಚಾಗಿ ಹೀಗೇ. ಒಂದು ವಾರ ಬಿಟ್ಟರೆ ಸೋಪು ಹಚ್ಚಿ ಎಷ್ಟು ಉಜ್ಜಿದರೂ ಅದು ಅಲ್ಲಾಡಲ್ಲ.

ಯಾಕೆ ಅಲ್ಲಾಡಲ್ಲ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಆ ಕರಕಲಲ್ಲಿ ಎರಡು ಪದರ ಇರುತ್ತದೆ. ಮೇಲಿನದು ಹಾಲು, ಹಿಟ್ಟು, ಅನ್ನದ ಗಂಜಿ ಸುಟ್ಟು ಆದ ಇದ್ದಿಲು. ಇದ್ದಿಲನ್ನು ಸೋಪು, ಸೋಡಾ, ನಿಂಬೆಹಣ್ಣು ಯಾವುದೂ ಕರಗಿಸಲ್ಲ. ಅದರ ಕೆಳಗೆ ಕಂದು ಬಣ್ಣದ ಜಿಡ್ಡು ಇದೆಯಲ್ಲ, ಎಣ್ಣೆ ಬೆಣ್ಣೆ ಪದೇ ಪದೇ ಕಾದು ವಾರ್ನಿಷ್ ತರಹ ಗಟ್ಟಿಯಾದದ್ದು, ಇದ್ದಿಲನ್ನು ತಟ್ಟೆಗೆ ಹಿಡಿದಿಟ್ಟಿರೋದು ಅದೇ. ಈ ಜಿಡ್ಡು ಮಾತ್ರ ಬಿಸಿ ಸೋಡಾ ನೀರಿಗೆ ಮೆತ್ತಗಾಗುತ್ತದೆ. ಅದು ಸಡಿಲವಾದರೆ ಮೇಲಿನ ಕಪ್ಪು ಚಕ್ಕೆ ಚಕ್ಕೆಯಾಗಿ ತಾನೇ ಬಿಡುತ್ತದೆ. ಹಾಗಾಗಿ ಇಲ್ಲಿ ಬೇಕಾಗಿರೋದು ತೋಳಿನ ಬಲ ಅಲ್ಲ. ಬಿಸಿ, ಸೋಡಾ ಮತ್ತು ಸಮಯ.

ಶುರು ಮಾಡುವ ಮುಂಚೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಒಲೆ ಪೂರ್ತಿ ಆರಲಿ. ಪಾತ್ರೆ ಇಡುವ ಸ್ಟ್ಯಾಂಡ್ ಮತ್ತು ಬರ್ನರ್ ತೆಗೆದು ಪಕ್ಕಕ್ಕಿಡಿ. ಬರ್ನರ್ ತೆಗೆದಾಗ ಗ್ಯಾಸ್ ಬರುವ ಕೊಳವೆ ಬಾಯಿ ಕಾಣುತ್ತದೆ, ಅದರೊಳಗೆ ನೀರು, ಕಸ ಹೋಗದ ಹಾಗೆ ಒಣಗಿದ ಬಟ್ಟೆ ತುಂಡನ್ನು ಒತ್ತಿಡಿ.

ಈಗ ತಟ್ಟೆ ಯಾವ ಲೋಹದ್ದು ಅಂತ ನೋಡಿ, ಇದನ್ನು ಮಾತ್ರ ಮರೆಯಬೇಡಿ. ಸ್ಟೀಲ್ ಆದರೆ ಸೋಡಾ ಧಾರಾಳವಾಗಿ ಬಳಸಬಹುದು. ಕೈಗೆ ತುಂಬಾ ಹಗುರ ಅನ್ನಿಸಿ, ಮಂಕು ಬೆಳ್ಳಗಿದ್ದರೆ ಅದು ಅಲ್ಯೂಮಿನಿಯಂ ಇರಬಹುದು. ಅದಕ್ಕೆ ಬಿಸಿ ಸೋಡಾ ನೀರು ತಾಗಿದರೆ ಲೋಹವೇ ಕರಗಿ ಕಪ್ಪಾಗುತ್ತದೆ. ಅನುಮಾನ ಇದ್ದರೆ ತಟ್ಟೆಯ ಹಿಂಬದಿಗೆ ನಾಲ್ಕು ಹನಿ ಬಿಸಿ ಸೋಡಾ ನೀರು ಹಾಕಿ ಐದು ನಿಮಿಷ ನೋಡಿ. ಸಣ್ಣ ಗುಳ್ಳೆ ಎದ್ದರೆ ಅಥವಾ ಆ ಜಾಗ ಕಪ್ಪಾದರೆ ಅಲ್ಯೂಮಿನಿಯಂ. ಅದಕ್ಕೆ ಬರೀ ಬಿಸಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು, ನಿಧಾನ ಆಗುತ್ತದೆ ಅಷ್ಟೆ.

ಸ್ಟೀಲ್ ತಟ್ಟೆಗೆ ಹೀಗೆ ಮಾಡಿ. ಈ ಒಲೆ ಬಿಚ್ಚಿಟ್ಟಿರುವುದರಿಂದ ಬೇರೆ ಒಲೆಯಲ್ಲಿ ಒಂದು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ ಕೆಳಗಿಳಿಸಿ, ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ. ಕಿರಾಣಿ ಅಂಗಡಿಯಲ್ಲಿ ಬಟ್ಟೆ ಒಗೆಯೋ ಸೋಡಾ ಅಂದರೆ ಕೊಡುತ್ತಾರೆ. ಅದು ಇಲ್ಲದಿದ್ದರೆ ಅಡುಗೆ ಸೋಡಾ ನಾಲ್ಕು ಚಮಚ ಹಾಕಿ, ಆ ನೀರನ್ನು ಇನ್ನೂ ಹತ್ತು ನಿಮಿಷ ಕುದಿಸಿ. ಕುದಿಯುವಾಗ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವೇ ವಾಷಿಂಗ್ ಸೋಡಾ ಆಗಿ ಬದಲಾಗುತ್ತದೆ, ಕ್ಷಾರದ ಗುಣ ಜಾಸ್ತಿ ಆಗುತ್ತದೆ. ಪಾತ್ರೆ ದೊಡ್ಡದಿರಲಿ, ಅದೂ ಅಲ್ಯೂಮಿನಿಯಂ ಆಗದಿರಲಿ. ಸೋಡಾವನ್ನು ಚೂರು ಚೂರೇ ಹಾಕಿ, ಒಮ್ಮೆಲೇ ಸುರಿದರೆ ನೊರೆ ಎದ್ದು ಕೈ ಮೇಲೆ ಬರುತ್ತದೆ. ಕೈಗೆ ಗ್ಲೌಸ್ ಇರಲಿ.

ಚಿತ್ರದುರ್ಗ ಕಡೆ ಬೋರ್‌ವೆಲ್ ನೀರು ಬಳಸುವವರು ಒಂದು ವಿಷಯ ಗಮನಿಸಿ. ಗಡಸು ನೀರಿಗೆ ಸೋಡಾ ಹಾಕಿದ ತಕ್ಷಣ ನೀರು ಹಾಲಿನಂತೆ ಮಂಕಾಗುತ್ತದೆ. ನೀರಿನ ಸುಣ್ಣದ ಅಂಶದ ಜೊತೆ ಸೇರಿ ಸೋಡಾದ ಒಂದು ಪಾಲು ಅಲ್ಲೇ ಖರ್ಚಾಗಿರುತ್ತದೆ. ಇನ್ನೊಂದು ಚಮಚ ಸೇರಿಸಿ, ಇಲ್ಲವೇ ಕುಡಿಯೋ ಕ್ಯಾನ್ ನೀರಲ್ಲೇ ಮಾಡಿ. ಬೇಕಾಗೋದು ಒಂದೆರಡು ಲೀಟರ್ ಅಷ್ಟೇ ಅಲ್ವಾ.

ತಟ್ಟೆ ಬಿಚ್ಚಿ ಬರುವಂಥದ್ದಾದರೆ ಅದನ್ನು ಟಬ್ಬಿನಲ್ಲಿಟ್ಟು ಈ ಬಿಸಿ ನೀರು ಮುಳುಗುವಷ್ಟು ಹಾಕಿ, ಮೇಲೆ ಮುಚ್ಚಿ. ಈಗಿನ ಎಷ್ಟೋ ಒಲೆಗಳಲ್ಲಿ ತಟ್ಟೆ ಬಿಚ್ಚಲು ಬರಲ್ಲ, ಒಲೆಯ ಮೈಯಲ್ಲೇ ಬರ್ನರ್ ಸುತ್ತ ತಗ್ಗು ಮಾಡಿರುತ್ತಾರೆ. ಅಲ್ಲಿ ನೀರು ಸುರಿಯಬೇಡಿ. ಹಳೆ ಬನಿಯನ್ ಬಟ್ಟೆಯನ್ನು ಸೋಡಾ ನೀರಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ಕರಕಲಿನ ಮೇಲೆ ಅಂಟಿಕೊಳ್ಳುವಂತೆ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ. ಕವರ್ ಇಲ್ಲದಿದ್ದರೆ ಬೇಸಿಗೆಯಲ್ಲಿ ಬಟ್ಟೆ ಬೇಗ ಒಣಗಿ ಕೆಲಸ ನಿಂತೇ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ಬಟ್ಟೆಯನ್ನು ಮತ್ತೆ ಬಿಸಿ ನೀರಲ್ಲಿ ಅದ್ದಿ ಹಾಕಿ. ಗಾಜಿನ ಒಲೆಗೆ ಮಾತ್ರ ಉಗುರುಬೆಚ್ಚಗಿನ ನೀರೇ ಇರಲಿ.

ಎಷ್ಟು ಹೊತ್ತು ಅಂದರೆ, ಕರಕಲು ಹೇಳುತ್ತದೆ. ಒಂದು ಗಂಟೆ ಆದ ಮೇಲೆ ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ. ಉಗುರು ಸ್ವಲ್ಪ ಇಳಿಯಬೇಕು, ಅಂಚು ಎದ್ದಿರಬೇಕು, ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿರಬೇಕು. ಇನ್ನೂ ಟಕ್ ಟಕ್ ಅಂತ ಗಟ್ಟಿಯಿದ್ದರೆ ಕೆರೆಯಲು ಹೋಗಬೇಡಿ, ನೀರು ಬದಲಿಸಿ ಮತ್ತೆ ನೆನೆಸಿ. ತಿಂಗಳುಗಟ್ಟಲೆ ಹಳೆಯದಾದರೆ ರಾತ್ರಿ ಪೂರ್ತಿ ಬೇಕಾಗುತ್ತದೆ.

ಮೆತ್ತಗಾದ ಮೇಲೆ ಹಳೆ ಎಟಿಎಂ ಕಾರ್ಡನ್ನು ಓರೆಯಾಗಿ ಹಿಡಿದು ಅಂಚಿನಿಂದ ತಳ್ಳಿ. ಅಂಗೈಯಗಲದ ಚಕ್ಕೆ ಒಂದೇ ಸಲ ಎದ್ದು ಬರುತ್ತದೆ, ಅದರ ಅಡಿಭಾಗ ಕಂದಾಗಿ ಜಾರುತ್ತಿರುತ್ತದೆ, ಆ ಜಾರುವುದೇ ಸಡಿಲವಾದ ಜಿಡ್ಡು. ಉಳಿದದ್ದಕ್ಕೆ ಒದ್ದೆ ಬಟ್ಟೆಗೆ ಅಡುಗೆ ಸೋಡಾ ಪುಡಿ ಹಚ್ಚಿ ಸ್ಟೀಲಿನ ಗೆರೆ ಯಾವ ಕಡೆ ಇದೆಯೋ ಅದೇ ಕಡೆಗೆ ಉಜ್ಜಿ. ಚಾಕು, ಸ್ಟೀಲ್ ನಾರು, ಮರಳು ಬೇಡ. ಒಮ್ಮೆ ಗೀರು ಬಿದ್ದರೆ ಮುಂದಿನ ಜಿಡ್ಡು ಮೊದಲು ಆ ಗೀರಿನಲ್ಲೇ ಕೂರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನಂತೂ ಹತ್ತಿರಕ್ಕೂ ತರಬೇಡಿ, ಬ್ಲೀಚಿಂಗ್ ಕೂಡ ಬೇಡ. ಎರಡೂ ಸ್ಟೀಲಿನಲ್ಲಿ ಸಣ್ಣ ಸಣ್ಣ ತೂತಿನಂಥ ಕಲೆ ಮಾಡುತ್ತವೆ, ಅದು ಮತ್ತೆ ಹೋಗಲ್ಲ.

ಸೋಡಾ ಮತ್ತು ವಿನೆಗರ್ ಒಟ್ಟಿಗೆ ಹಾಕಿ ಅಂತ ಬಹಳ ಜನ ಹೇಳುತ್ತಾರೆ. ನೊರೆ ಬರೋದು ನೋಡಲು ಚೆಂದ. ಆದರೆ ಒಂದು ಇನ್ನೊಂದನ್ನು ಕೊಂದುಹಾಕುತ್ತದೆ, ಉಳಿಯೋದು ಹೆಚ್ಚುಕಡಿಮೆ ಉಪ್ಪುನೀರು. ಮೊದಲು ಸೋಡಾ, ಚೆನ್ನಾಗಿ ತೊಳೆದ ಮೇಲೆ ಹುಳಿ. ನಿಂಬೆಹಣ್ಣಿನ ಹೋಳಿನಿಂದ ಒರೆಸಿದರೆ ಬೋರ್ ನೀರಿನ ಬಿಳಿ ಕಲೆ ಹೋಗುತ್ತದೆ. ಬರ್ನರ್ ಸುತ್ತ ಚಿನ್ನದ ಬಣ್ಣ, ನೀಲಿ ಬಣ್ಣದ ಉಂಗುರ ಉಳಿದರೆ ಅದು ಕೊಳೆ ಅಲ್ಲ, ಕಾವಿಗೆ ಸ್ಟೀಲ್ ಬಣ್ಣ ತಿರುಗಿದ್ದು. ಹುಳಿಗೆ ಸ್ವಲ್ಪ ತಿಳಿಯಾಗಬಹುದು, ಅದಕ್ಕಾಗಿ ಸುಮ್ನೆ ಉಜ್ಜಿ ತಟ್ಟೆ ಸವೆಸಬೇಡಿ.

ಕೊನೆಗೆ ಎರಡು ಸಲ ಬರೀ ನೀರಿನ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆಯಿಂದ. ಕೊಳವೆ ಬಾಯಿಯಲ್ಲಿಟ್ಟ ಬಟ್ಟೆ ತೆಗೆಯೋದು ನೆನಪಿರಲಿ. ಬರ್ನರನ್ನು ಸರಿಯಾಗಿ ಕೂರಿಸಿ, ರೆಗ್ಯುಲೇಟರ್ ಆನ್ ಮಾಡಿದ ಕೂಡಲೇ ಹಚ್ಚಬೇಡಿ, ವಾಸನೆ ಇದೆಯಾ ನೋಡಿ. ಇದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ವಾಸನೆ ಇಲ್ಲದಿದ್ದರೆ ಹಚ್ಚಿ. ಉರಿ ಕಿತ್ತಳೆ ಬಣ್ಣದಲ್ಲಿ ಬಂದರೆ ಗಾಬರಿ ಬೇಡ, ಬರ್ನರ್ ಮೇಲೆ ಸೋಡಾ ಪುಡಿ ಉಳಿದಿದ್ದರೂ ಅದರ ಸೋಡಿಯಂ ಉರಿಗೆ ಆ ಬಣ್ಣ ಕೊಡುತ್ತದೆ. ಆರಿಸಿ, ತಣ್ಣಗಾದ ಮೇಲೆ ಬರ್ನರ್ ತೊಳೆದು ಪೂರ್ತಿ ಒಣಗಿಸಿ ಮತ್ತೆ ಹಚ್ಚಿ. ಆಗಲೂ ಉರಿ ಹಳದಿಯಾಗಿದ್ದು ಪಾತ್ರೆ ತಳಕ್ಕೆ ಮಸಿ ಹಿಡಿಯುತ್ತಿದ್ದರೆ, ಅದು ತಟ್ಟೆಯ ವಿಷಯ ಅಲ್ಲ, ಒಲೆಗೆ ಗಾಳಿ ಸರಿಯಾಗಿ ಸೇರುತ್ತಿಲ್ಲ. ರಿಪೇರಿ ಮಾಡುವವರಿಗೇ ತೋರಿಸಿ.