320×200ರ ಚಿತ್ರವನ್ನು 1080ರ ಪರದೆಗೆ ಮಸುಕಾಗದಂತೆ ಹಿಗ್ಗಿಸಿದ ಬಗೆ: ನನ್ನ ಅನುಭವ

200 ಸಾಲುಗಳ ಚಿತ್ರವನ್ನು 1080 ಸಾಲುಗಳ ಪರದೆಗೆ ಏರಿಸಲು ಹೊರಟರೆ ಯಾವ ಪೂರ್ಣಾಂಕವೂ ಕೂಡಿಬರುವುದಿಲ್ಲ. ಸುತ್ತ ಅಗಲವಾದ ಕಪ್ಪು ಅಂಚು ಬಿಡಬೇಕು, ಇಲ್ಲವೇ ಮಸುಕನ್ನು ಒಪ್ಪಿಕೊಳ್ಳಬೇಕು, ಮೂರನೆಯ ದಾರಿಯಿಲ್ಲ ಎಂದು ಈ ಕೆಲಸದಲ್ಲಿ ಪಳಗಿದ ಗೆಳೆಯರೇ ನನಗೆ ಹೇಳಿದ್ದರು. ಹಳೆಯ ಆಟವೊಂದನ್ನು ಹೊಸ ಪರದೆಗಳಿಗೆ ಅಣಿಗೊಳಿಸುವ ಕೆಲಸ ಒಪ್ಪಿಕೊಂಡಿದ್ದ ನನಗೆ ಆ ಎರಡೂ ಸಲ್ಲುವಂತಿರಲಿಲ್ಲ. ಈಗ ಆ ಆಟ ಪರದೆಯ ಮೇಲಂಚಿನಿಂದ ಕೆಳಗಿನ ಅಂಚಿನವರೆಗೆ ತುಂಬಿಕೊಂಡು, ಒಂದೊಂದು ಚೌಕವೂ ಎಣಿಸಬಹುದಾದಷ್ಟು ಸ್ಪಷ್ಟವಾಗಿ ಓಡುತ್ತಿದೆ.

ಮೊದಲು ಚೌಕದ ಆಕಾರವನ್ನು ನಿಶ್ಚಯಿಸಿಕೊಳ್ಳಬೇಕು. 320×200ರ ಚಿತ್ರಗಳು ಆ ಕಾಲದಲ್ಲಿ 4:3ರ ಗಾಜಿನ ಪರದೆಯನ್ನು ಪೂರ್ತಿ ತುಂಬುತ್ತಿದ್ದುದರಿಂದ ಅಲ್ಲಿನ ಪಿಕ್ಸೆಲ್ ಸಮಚೌಕವಲ್ಲ. ಅಗಲ 5 ಪಾಲಾದರೆ ಎತ್ತರ 6 ಪಾಲು. ಕಲಾವಿದರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬಿಡಿಸಿದ್ದರೇ ಎಂಬುದನ್ನು ದುಂಡಗಿನ ವಸ್ತುವೊಂದನ್ನು ಎಣಿಸಿ ತಿಳಿಯಬಹುದು. ನನ್ನ ಆಟದಲ್ಲಿ ಚಿನ್ನದ ನಾಣ್ಯವೊಂದಿತ್ತು: ಅಡ್ಡಕ್ಕೆ 24 ಪಿಕ್ಸೆಲ್, ಉದ್ದಕ್ಕೆ 20. ಅಡ್ಡಕ್ಕೆ 5 ಪಟ್ಟು, ಉದ್ದಕ್ಕೆ 6 ಪಟ್ಟು ಮಾಡಿದರೆ ಅದು 120×120 ಆಗಿ ನಿಜವಾಗಿಯೂ ದುಂಡಗಾಗುತ್ತದೆ. ಇಡೀ ಚಿತ್ರ 1600×1200 ಆಗುತ್ತದೆ. ಲೆಕ್ಕ ಚೆನ್ನಾಗಿ ಕೂಡಿತು, ಆದರೆ ಪರದೆ 1080ಕ್ಕೇ ಮುಗಿಯುತ್ತದೆ.

ಅಡ್ಡಕ್ಕೆ 4, ಉದ್ದಕ್ಕೆ 5 ಪಟ್ಟು ಮಾಡಿ 1280×1000ರಲ್ಲಿ ನಿಲ್ಲಿಸಿ ನೋಡಿದೆ. ಚೌಕಗಳು ಚೊಕ್ಕಟವಾಗಿದ್ದವು, ನಾಣ್ಯ ಮಾತ್ರ 96×100 ಆಗಿ ಕೊಂಚ ನೀಳವಾಯಿತು, ಎಡಬಲಗಳಲ್ಲಿ 320 ಪಿಕ್ಸೆಲ್‌ನಷ್ಟು ಅಂಚು ಖಾಲಿ ಉಳಿಯಿತು. ಕೆಲಸ ಕೊಟ್ಟವರು ಅದನ್ನು ನೋಡಿ ಎರಡನೆಯ ಕಂತನ್ನು ತಡೆಹಿಡಿದರು. ಅತಿ ಹತ್ತಿರದ ಪಿಕ್ಸೆಲ್‌ನ ಬಣ್ಣವನ್ನೇ ನಕಲು ಮಾಡುವ ನಿಯರೆಸ್ಟ್ ನೇಬರ್ ವಿಧಾನದಲ್ಲಿ ನೇರವಾಗಿ 1440×1080ಕ್ಕೆ ಎಳೆದಾಗ ಪಟ್ಟು 4.5 ಮತ್ತು 5.4 ಆಗುವುದರಿಂದ ಒಂದು ಕಂಬಸಾಲು 4 ಪಿಕ್ಸೆಲ್, ಮುಂದಿನದು 5 ಪಿಕ್ಸೆಲ್ ಎಂದು ಅಗಲ ಬದಲಾಗುತ್ತಾ ಹೋಯಿತು. ಅಕ್ಷರಗಳಲ್ಲಿ ಇದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಒಂದೇ ಪದದಲ್ಲಿ ಒಂದು ಗೆರೆ ದಪ್ಪ, ಇನ್ನೊಂದು ತೆಳು. ನೆರೆಯ ಬಣ್ಣಗಳನ್ನು ಬೆರೆಸಿ ಮಸುಕಾಗಿಸುವ ಬೈಲೀನಿಯರ್ ಬಗ್ಗೆ ಹೇಳುವುದೇ ಬೇಡ. ಈ ನಡುವೆ ಚಿತ್ರ ಹಿಗ್ಗಿಸುವ ದುಬಾರಿ ತಂತ್ರಾಂಶವೊಂದಕ್ಕೆ ಮುಂಗಡದ ಸುಮಾರು ಮೂರನೆಯ ಒಂದು ಪಾಲನ್ನು ಸುರಿದೆ. ಅದು ಛಾಯಾಚಿತ್ರಗಳಿಗೆ ಒಳ್ಳೆಯದಿರಬಹುದು. ನನ್ನ ಇಟ್ಟಿಗೆ ಗೋಡೆಯನ್ನಂತೂ ಒದ್ದೆ ಜೇಡಿಯಂತೆ ಮಾಡಿಕೊಟ್ಟಿತು. ಎಲ್ಲವನ್ನೂ ಹೊಸದಾಗಿ ಬಿಡಿಸಿಕೊಡಲು ಕಲಾವಿದರೊಬ್ಬರು ಹೇಳಿದ ಮೊತ್ತ ನನಗೆ ಬರಬೇಕಾಗಿದ್ದ ಒಟ್ಟು ಹಣಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

ಕೊನೆಗೆ ಕೈಹಿಡಿದ ದಾರಿ ಇದು. ಪರದೆಗೆ ಹಿಡಿಸದಿದ್ದರೂ ಚಿಂತೆಯಿಲ್ಲವೆಂದು ಚಿತ್ರವನ್ನು ಮೊದಲು ಪೂರ್ಣಾಂಕದಲ್ಲೇ 1600×1200ಕ್ಕೆ ಏರಿಸಿ, ಅಲ್ಲಿಂದ ಕ್ಷೇತ್ರದ ಸರಾಸರಿ ಹಿಡಿದು 1440×1080ಕ್ಕೆ ಇಳಿಸಿದೆ. ಎರಡೂ ದಿಕ್ಕಿನಲ್ಲಿ ಇಳಿಕೆ 0.9 ಆಗಿರುವುದರಿಂದ ನಾಣ್ಯ ದುಂಡಗೇ ಉಳಿಯುತ್ತದೆ. ಹೀಗೆ ಮಾಡಿದಾಗ ಅಡ್ಡಸಾಲಿನಲ್ಲಿ ನಾಲ್ಕು ಪಿಕ್ಸೆಲ್ ಅಪ್ಪಟ ಮೊದಲ ಬಣ್ಣ, ಐದನೆಯದು ಎರಡು ಬಣ್ಣಗಳ ಅರ್ಧರ್ಧ ಬೆರಕೆ, ಮುಂದಿನ ನಾಲ್ಕು ಅಪ್ಪಟ ಎರಡನೆಯ ಬಣ್ಣ; ಒಂಬತ್ತು ಪಿಕ್ಸೆಲ್‌ಗೊಮ್ಮೆ ಇದೇ ವಿನ್ಯಾಸ ಮರಳುತ್ತದೆ. ಅಂದರೆ ಒಂದು ಬಿಟ್ಟು ಒಂದು ಗಡಿ ಪೂರ್ತಿ ಚೂಪಾಗಿರುತ್ತದೆ, ಉಳಿದದ್ದರಲ್ಲಿ ಬೆರಕೆ ಒಂದೇ ಪಿಕ್ಸೆಲ್‌ನಷ್ಟು. ಉದ್ದಕ್ಕೆ 27 ಸಾಲುಗಳಿಗೊಮ್ಮೆ ಗಡಿ ಚೂಪಾಗಿ ಕೂಡುತ್ತದೆ, ನಡುವಿನ ಗಡಿಗಳಲ್ಲಿ ಬೆರಕೆಯ ಪ್ರಮಾಣ ಬೇರೆಬೇರೆಯಾಗಿರುತ್ತದೆ. ಕೈಯಳತೆಯ ದೂರದಲ್ಲಿ ಕುಳಿತವರಿಗೆ ಕಾಣುವುದು ಸಮ ಅಳತೆಯ ಚೌಕಗಳೇ. ಇಮೇಜ್‌ಮ್ಯಾಜಿಕ್ ತಂತ್ರಾಂಶಕ್ಕೆ ಕೊಡುವ ಆಜ್ಞೆ ಹೀಗಿದೆ:

```
magick mula.png -sample '1600x1200!' -colorspace RGB \
  -scale '1440x1080!' -colorspace sRGB pardege.png
```

ಇಲ್ಲಿ `-sample` ಪಿಕ್ಸೆಲ್‌ಗಳನ್ನು ಹಾಗೆಹಾಗೇ ನಕಲು ಮಾಡುತ್ತದೆ, `-scale` ಇಳಿಸುವಾಗ ಸರಾಸರಿ ಹಿಡಿಯುತ್ತದೆ. `-resize` ಅನ್ನು ಅಲ್ಲಿ ಇಟ್ಟರೆ ಅದರದೇ ಫಿಲ್ಟರ್ ನುಸುಳಿ ಅಂಚುಗಳ ಪಕ್ಕ ತೆಳು ಪ್ರಭೆ ಮೂಡುತ್ತದೆ. ನಡುವಿನ ಎರಡು `-colorspace` ಹೆಚ್ಚುವರಿ ಎಂದು ಕೆಲವರು ತೆಗೆದುಹಾಕುತ್ತಾರೆ, ತೆಗೆಯಬಾರದು. ಕಪ್ಪು ಮತ್ತು ಬಿಳಿಯ ಅರ್ಧರ್ಧ ಬೆರಕೆ ಕಡತದ ಅಂಕಿಗಳಲ್ಲೇ ನಡೆದರೆ 128 ಬರುತ್ತದೆ, ಬೆಳಕಿನ ಲೆಕ್ಕದಲ್ಲಿ ನಡೆದರೆ 188ರ ಆಸುಪಾಸು ಬರುತ್ತದೆ. ಮೊದಲನೆಯದರಲ್ಲಿ ಬೆರಕೆಯ ಪಿಕ್ಸೆಲ್ ಕಪ್ಪಿನ ಕಡೆಗೇ ವಾಲುವುದರಿಂದ ಕಪ್ಪು ಹಿನ್ನೆಲೆಯ ಮೇಲಿನ ಹಳದಿ ಅಕ್ಷರಗಳು ಸೊರಗಿದಂತೆ ಕಾಣುತ್ತವೆ. ನಮ್ಮ ಸಂಭಾಷಣೆಯ ಪಟ್ಟಿಯಲ್ಲಿ ಹೀಗೇ ಆಗಿತ್ತು.

ಈ ವಿಧಾನ ಮೂಲವನ್ನು ಕೆಡಿಸಿಲ್ಲ ಎಂದು ತೋರಿಸಿದಾಗಲೇ ಅನುಮಾನಿಸಿದವರು ಸುಮ್ಮನಾದರು. ಪ್ರತಿ ಚೌಕದ ನಟ್ಟನಡುವಿನ ಪಿಕ್ಸೆಲ್ ಯಾವಾಗಲೂ ಅಪ್ಪಟವಾಗಿರುವುದರಿಂದ, ಹಿಗ್ಗಿಸಿದ ಚಿತ್ರವನ್ನು ಮತ್ತೆ 320×200ಕ್ಕೆ ಹೆಕ್ಕಿಕೊಂಡರೆ ಮೂಲವೇ ಕೈಗೆ ಬರಬೇಕು.

```
magick pardege.png -sample '320x200!' hinde.png
magick compare -metric AE mula.png hinde.png null:
```

ಉತ್ತರ ಸೊನ್ನೆ ಬಂದರೆ ಒಂದು ಪಿಕ್ಸೆಲ್‌ನ ಬಣ್ಣವೂ ಕೆಟ್ಟಿಲ್ಲ ಎಂದರ್ಥ. ಆ ದುಬಾರಿ ತಂತ್ರಾಂಶದ ಚಿತ್ರಕ್ಕೆ ಇದೇ ಪರೀಕ್ಷೆ ಮಾಡಿದಾಗ, ನನಗೆ ನೆನಪಿರುವಂತೆ, ಅರ್ಧಕ್ಕಿಂತ ಹೆಚ್ಚು ಪಿಕ್ಸೆಲ್‌ಗಳು ತಪ್ಪಿದ್ದವು. ಆ ಅಂಕಿಯನ್ನು ತಂತ್ರಾಂಶ ಮಾರಿದವರಿಗೆ ಕಳುಹಿಸಿದೆ, ಹಣವೇನೂ ಮರಳಲಿಲ್ಲ.

ಆಟದ ಪಾತ್ರ, ವಸ್ತುಗಳ ಬಿಡಿಬಿಡಿ ಚಿತ್ರಗಳಾದ ಸ್ಪ್ರೈಟ್‌ಗಳನ್ನು ಹಿಗ್ಗಿಸಿ ಆಮೇಲೆ ಜೋಡಿಸುವುದು ಈ ವಿಧಾನದಲ್ಲಿ ನಡೆಯುವುದಿಲ್ಲ. ನೆಲದ ಹಾಸುಗಳನ್ನು ಒಂದೊಂದಾಗಿ ಹಿಗ್ಗಿಸಿದರೆ ಅಂಚಿನ ಪಿಕ್ಸೆಲ್ ಪಾರದರ್ಶಕತೆಯೊಂದಿಗೆ ಬೆರೆತು, ಪಕ್ಕಪಕ್ಕ ಇಟ್ಟಾಗ ನಡುವೆ ಕೂದಲೆಳೆಯ ಬಿರುಕು ಕಾಣುತ್ತದೆ. ಇಡೀ ಫ್ರೇಮನ್ನು 320×200ರಲ್ಲೇ ಕೂಡಿಸಿ, ಕಟ್ಟಕಡೆಯಲ್ಲಿ ಒಂದೇ ಸಲ ಹಿಗ್ಗಿಸಬೇಕು.

ಇನ್ನು ವಿಶೇಷ ಅಲ್ಗಾರಿದಮ್‌ಗಳ ಮಾತು. ನಾಯಕನ ದೊಡ್ಡ ಚಿತ್ರದಲ್ಲಿ ಓರೆಗೆರೆಗಳ ಮೆಟ್ಟಿಲುಗಳು ಕಣ್ಣಿಗೆ ಚುಚ್ಚುತ್ತವೆ ಎಂದು ಕೆಲಸ ಕೊಟ್ಟವರು ಹೇಳಿದ್ದರಿಂದ ಅವನೊಬ್ಬನಿಗೆ ಚಿತ್ರವನ್ನು ಎರಡು ಪಟ್ಟು ಮಾಡುವ ಸ್ಕೇಲ್2ಎಕ್ಸ್ ಎಂಬ ಅಲ್ಗಾರಿದಮ್ ಬಳಸಿದೆ. ಇದರ ಬೇರು 1992ರ ಸುಮಾರಿಗೆ ಎರಿಕ್ ಜಾನ್‌ಸ್ಟನ್ ಅವರು ಲ್ಯೂಕಸ್‌ಆರ್ಟ್ಸ್‌ನಲ್ಲಿ ಇದೇ 320×200ರ ಆಟಗಳನ್ನು ಮ್ಯಾಕಿಂಟಾಷ್‌ಗೆ ಒಯ್ಯಲು ಮಾಡಿದ ಇಪಿಎಕ್ಸ್‌ನಲ್ಲಿದೆ. ಅದೇ ಫಲ ಕೊಡುವ ಸ್ಕೇಲ್2ಎಕ್ಸ್ ಅನ್ನು ಆಂಡ್ರಿಯಾ ಮಜ್ಜೊಲೇನಿ 2001ರಲ್ಲಿ ರೂಪಿಸಿದರು. ಒಂದು ಪಿಕ್ಸೆಲ್ ನಾಲ್ಕಾಗುತ್ತದೆ. ಮೇಲಿನ ಮತ್ತು ಎಡದ ನೆರೆಗಳು ಒಂದೇ ಬಣ್ಣದವಾಗಿದ್ದು, ಎಡದ್ದು ಕೆಳಗಿನದಕ್ಕೂ ಮೇಲಿನದು ಬಲದ್ದಕ್ಕೂ ಸಮವಲ್ಲದಿದ್ದರೆ ಮಾತ್ರ ಮೇಲಿನ ಎಡ ಮೂಲೆ ನೆರೆಯ ಬಣ್ಣವನ್ನು ಪಡೆಯುತ್ತದೆ. ಉಳಿದ ಮೂರು ಮೂಲೆಗಳಿಗೂ ಇದೇ ನಿಯಮ. ಹೊಸ ಬಣ್ಣ ಒಂದೂ ಹುಟ್ಟುವುದಿಲ್ಲ, ಪ್ಯಾಲೆಟ್ ಇದ್ದಂತೆಯೇ ಇರುತ್ತದೆ. ನಾನು ಇದನ್ನು ಆರಿಸಿಕೊಂಡದ್ದೇ ಅದಕ್ಕಾಗಿ. ಇಂಥವೇ ಬೇರೆ ಅಲ್ಗಾರಿದಮ್‌ಗಳಾದ ಎಚ್‌ಕ್ಯೂಎಕ್ಸ್ ಮತ್ತು ಎಕ್ಸ್‌ಬಿಆರ್ ಎರಡನ್ನೂ ಪ್ರಯತ್ನಿಸಿದೆ. ದಪ್ಪ ಬಾಹ್ಯರೇಖೆಯ ವ್ಯಂಗ್ಯಚಿತ್ರದಂಥ ಸ್ಪ್ರೈಟ್‌ಗಳಲ್ಲಿ ಅವು ಸೊಗಸಾಗಿವೆ, ಆದರೆ ಬಣ್ಣ ಬೆರೆಸುತ್ತವೆ, ಅಲ್ಲದೆ ಎರಡು ಬಣ್ಣಗಳ ಚುಕ್ಕಿ ಹೆಣೆದು ನಡುವಿನ ಬಣ್ಣ ತೋರಿಸುವ ಡಿದರಿಂಗ್ ಮಾಡಿದ ಆಕಾಶದ ಚುಕ್ಕಿಗಳನ್ನು ಒಂದಕ್ಕೊಂದು ಅಂಟಿಸಿ ಹುಳುಗಳ ಸಾಲಿನಂತೆ ಮಾಡುತ್ತವೆ.

ಸ್ಕೇಲ್2ಎಕ್ಸ್ ಬಣ್ಣಗಳ ತದ್ವತ್ ಸಮತೆಯನ್ನೇ ನಂಬಿರುವುದರಿಂದ ಮೂಲ ಶುದ್ಧವಾಗಿರಬೇಕು. ನನಗೆ ಬಂದ ಕೆಲವು ಚಿತ್ರಗಳು ಯಾರೋ ಒಮ್ಮೆ ಹಿಗ್ಗಿಸಿ ಜೆಪೆಗ್ ಮಾಡಿಟ್ಟವು. ಅವುಗಳಲ್ಲಿ ಅಲ್ಗಾರಿದಮ್‌ಗೆ ಸಮವಾದ ಎರಡು ನೆರೆಗಳೇ ಸಿಗದೆ ಏನನ್ನೂ ಮಾಡದೆ ಬಿಟ್ಟಿತು. ಇಂಥವನ್ನು ಗುರುತಿಸಲು ಬಣ್ಣಗಳನ್ನು ಎಣಿಸಿದರೆ ಸಾಕು.

```
magick identify -format '%k %wx%h\n' nayaka.png
```

ಮೂವತ್ತು ನಲವತ್ತು ಬಣ್ಣ ಇರಬೇಕಾದ ಕಡೆ ಸಾವಿರಗಳು ಬಂದರೆ ಅದು ಕಲಬೆರಕೆ. ಹಳೆಯ ಚೌಕದ ಅಳತೆ ಕಂಡುಹಿಡಿದು, ಪ್ರತಿ ಚೌಕದ ನಡುವಿನಿಂದ ಬಣ್ಣ ಹೆಕ್ಕಿ, ಮೂಲ ಪ್ಯಾಲೆಟ್‌ಗೆ ಕೂರಿಸಿದ ಮೇಲೆಯೇ ಮುಂದುವರಿಯಬೇಕು. ನನ್ನ ಒಟ್ಟು ಸಮಯದಲ್ಲಿ ಹೆಚ್ಚಿನ ಪಾಲು ಹೋದದ್ದು ಇಲ್ಲಿಯೇ, ಹಾಗಾಗಿ ಈಗ ಈ ಶುದ್ಧೀಕರಣಕ್ಕೆ ಬೇರೆಯೇ ಶುಲ್ಕ ಹಾಕುತ್ತೇನೆ.

ನಾಯಕನ ಎರಡು ಪಿಕ್ಸೆಲ್‌ನ ಕಣ್ಣುಗಳು, ಒಂದು ಪಿಕ್ಸೆಲ್‌ನ ಓರೆ ಕತ್ತಿ ಮತ್ತು ಎಲ್ಲ ಅಕ್ಷರಗಳು ಸ್ಕೇಲ್2ಎಕ್ಸ್‌ನಿಂದ ದೂರವಿರಬೇಕು, ಇಲ್ಲದಿದ್ದರೆ ಅವುಗಳ ಸ್ವಭಾವವೇ ಬದಲಾಗುತ್ತದೆ. ಅವುಗಳನ್ನು ಕಾಪಾಡಲು ನಾನೊಂದು ಮುಸುಕು ಚಿತ್ರ ಬಳಸುತ್ತೇನೆ. ಅದನ್ನು ಪ್ರತಿ ಫ್ರೇಮಿಗೂ ಕೈಯಿಂದ ಬಿಡಿಸದೆ ಹೇಗೆ ಪಡೆಯುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಮುಂದಿನ ಕೆಲಸಗಳೂ ಬರಬೇಕಲ್ಲ. ನಾಯಕ ಎರಡು ಪಟ್ಟಾದಾಗ ಹಿನ್ನೆಲೆಯನ್ನೂ ಬರಿಯ ನಕಲಿನಿಂದ 640×400 ಮಾಡಿ ಅವನನ್ನು ಅದರ ಮೇಲೆ ಕೂರಿಸಬೇಕು. ಅಲ್ಲಿಂದ 1600×1200ಕ್ಕೆ ಅಡ್ಡಕ್ಕೆ ಪಟ್ಟು 2.5 ಆಗಿ ಪೂರ್ಣಾಂಕ ತಪ್ಪುವುದರಿಂದ, ಮತ್ತೆ 5 ಮತ್ತು 6 ಪಟ್ಟು ಮಾಡಿ 3200×2400ಕ್ಕೆ ಹೋಗಿ ಅಲ್ಲಿಂದ ಇಳಿಯಬೇಕು.

ಇದೇ ಹುರುಪಿನಲ್ಲಿ ತಿರುಗುವ ಸ್ಪ್ರೈಟ್‌ಗಳ ಮೇಲೂ ಕೈಯಾಡಿಸಿದೆ. ರಾಟ್‌ಸ್ಪ್ರೈಟ್ ಎಂಬ ವಿಧಾನದಲ್ಲಿ ಚಿತ್ರವನ್ನು ಸ್ಕೇಲ್2ಎಕ್ಸ್‌ನ ಮಾರ್ಪಟ್ಟ ರೂಪದಿಂದ 8 ಪಟ್ಟು ಹಿಗ್ಗಿಸಿ, ತಿರುಗಿಸಿ, ಮತ್ತೆ ಮೂಲ ಅಳತೆಗೆ ಹೆಕ್ಕಿಕೊಳ್ಳುತ್ತಾರೆ. ನಾನು ಸಾಮಾನ್ಯ ಸ್ಕೇಲ್2ಎಕ್ಸ್ ಅನ್ನೇ ಮೂರು ಸಲ ಓಡಿಸಿ ನೋಡಿದೆ. ಗಾಳಿಯಂತ್ರದ ರೆಕ್ಕೆಗಳ ಗೆರೆ ತುಂಡಾಗದೆ ತಿರುಗಿತು, ಆಟದಲ್ಲಿ ಅದನ್ನೇ ಉಳಿಸಿಕೊಂಡೆ.

ಈ ವಿಧಾನಕ್ಕೂ ಒಂದು ಮಿತಿಯಿದೆ. ಹಿನ್ನೆಲೆ ನಿಧಾನವಾಗಿ ಅಡ್ಡ ಸರಿಯುವಾಗ ಚೂಪಾದ ಗಡಿ ಮುಂದಿನ ಹೆಜ್ಜೆಗೆ ಬೆರಕೆಯ ಗಡಿಯಾಗುತ್ತದೆ, ಅದರ ಮುಂದಿನ ಹೆಜ್ಜೆಗೆ ಮತ್ತೆ ಚೂಪಾಗುತ್ತದೆ. ನಿಯರೆಸ್ಟ್ ನೇಬರ್‌ನ ಕುಣಿತಕ್ಕೆ ಹೋಲಿಸಿದರೆ ಇದು ಅಲ್ಪವೇ, ಆದರೂ ದಟ್ಟ ಕಂಬಗಳ ಕಟಕಟೆಯ ಮೇಲೆ ಹುಡುಕಿ ನೋಡಿದವರಿಗೆ ಮಿನುಗು ಕಾಣುತ್ತದೆ. ಒಂದೊಂದು ಹೆಜ್ಜೆಯ ಬದಲು ಎರಡೆರಡು ಮೂಲ ಪಿಕ್ಸೆಲ್ ಸರಿಸಿದರೆ ಅದೂ ನಿಲ್ಲುತ್ತದೆ, ಏಕೆಂದರೆ ಎರಡು ಚೌಕ ಸೇರಿ ಸರಿಯಾಗಿ 9 ಪಿಕ್ಸೆಲ್. ದೊಡ್ಡ ಪರದೆಗಳಲ್ಲಂತೂ ಈ ತೊಡಕು ತಾನಾಗಿಯೇ ಬಿಡುತ್ತದೆ: 1440 ಸಾಲುಗಳ ಪರದೆಯಲ್ಲಿ ಅಡ್ಡಕ್ಕೆ ಸರಿಯಾಗಿ 6 ಪಟ್ಟು, 2160ರಲ್ಲಿ 9 ಪಟ್ಟು ಬರುವುದರಿಂದ ಬೆರಕೆ ಉಳಿಯುವುದು ಉದ್ದಕ್ಕೆ ಮಾತ್ರ. ಈ ಎರಡು ಅಳತೆಗಳ ಕಡತಗಳನ್ನೂ ಕೂಡಿಸಿ ಒಪ್ಪಿಸಿದ ಮೇಲೆ ತಡೆದಿದ್ದ ಕಂತು ಕೈಸೇರಿತು.